ಫೀ ಕಟ್ಟೋಕೆ ಕೊನೇ ದಿನ ಯಾವತ್ತು? ಚಾಟ್‌ಬಾಟ್ ಕಟ್ಟುವ ತಂಡಕ್ಕೆ ಒಂದು ಸೆಮಿಸ್ಟರಿನ ಲೆಕ್ಕ

ಪ್ರಾಜೆಕ್ಟ್ ವಿಷಯ ಬರೆದುಕೊಡುವ ದಿನ ಬಂತೆಂದರೆ ಯಾವುದಾದರೂ ಒಂದು ತಂಡ ‘ಕಾಲೇಜು ವಿಚಾರಣೆಗೆ ಚಾಟ್‌ಬಾಟ್’ ಎಂದು ಬರೆದುಕೊಡುವುದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ ಮಾಮೂಲು. ವಿಷಯ ಒಳ್ಳೆಯದೇ. ಪರೀಕ್ಷಾ ಶುಲ್ಕ, ಸ್ಟಡಿ ಸರ್ಟಿಫಿಕೇಟ್, ಬಸ್ ಪಾಸ್, ಸ್ಕಾಲರ್‌ಶಿಪ್ ಎಂದು ಕ್ಲಾಸು ಬಿಟ್ಟು ಆಫೀಸಿನ ಕಿಟಕಿ ಮುಂದೆ ನಿಲ್ಲುವವರಿಗೆ ಫೋನಿನಲ್ಲೇ ಉತ್ತರ ಸಿಕ್ಕರೆ ಎರಡೂ ಕಡೆಯವರಿಗೆ ಅನುಕೂಲ. ಆದರೆ ಹೀಗೆ ಹುಟ್ಟಿದ ಬಾಟ್‌ಗಳಲ್ಲಿ ಬಹಳಷ್ಟು ವೈವಾ ಮುಗಿದ ಮೇಲೆ ಯಾರಿಗೂ ಬೇಡವಾಗುತ್ತವೆ. ಕಾರಣ ತಂತ್ರಜ್ಞಾನದಲ್ಲಿಲ್ಲ. ತಂಡವು ಸೆಮಿಸ್ಟರಿನ ಬಹುಪಾಲನ್ನು ಯಂತ್ರಕ್ಕೆ ಕೊಟ್ಟು, ಉತ್ತರಗಳನ್ನು ಕೊನೆಯ ವಾರದಲ್ಲಿ ಪ್ರಾಸ್ಪೆಕ್ಟಸ್ಸಿನಿಂದ ಎತ್ತಿ ತುಂಬಿರುತ್ತದೆ. ಹೋದ ವರ್ಷದ ದಿನಾಂಕವನ್ನು ಒಮ್ಮೆ ನಂಬಿ ದಂಡ ಕಟ್ಟಿದ ವಿದ್ಯಾರ್ಥಿ ಮತ್ತೆ ಆ ಬಾಟ್ ತೆರೆಯುವುದಿಲ್ಲ.

ಹಾಗಾಗಿ ಇಲ್ಲಿ ಹೇಳುವ ಯೋಜನೆ ತಿರುಗುಮುರುಗು. ಮೊದಲ ನಾಲ್ಕು ವಾರ ಪ್ರಶ್ನೆ ಮತ್ತು ಉತ್ತರಕ್ಕೆ, ಆಮೇಲೆ ಯಂತ್ರಕ್ಕೆ, ಕೊನೆಯ ಪಾಲು ಪರೀಕ್ಷೆ ಮತ್ತು ಹಸ್ತಾಂತರಕ್ಕೆ. ಸೆಮಿಸ್ಟರ್ ಎಂದರೆ ಹೆಚ್ಚುಕಡಿಮೆ ಹದಿನಾರು ವಾರ. ಇಂಟರ್ನಲ್ಸ್, ಹಬ್ಬ, ಕಾಲೇಜ್ ಫೆಸ್ಟ್ ಎಲ್ಲ ಕಳೆದರೆ ನಿಜವಾಗಿ ಕೈಗೆ ಸಿಗುವುದು ಹನ್ನೆರಡೇ ವಾರ ಎಂದು ಹಿಡಿದು ಲೆಕ್ಕ ಹಾಕುವುದು ಕ್ಷೇಮ. ಜಿಲ್ಲಾ ಕೇಂದ್ರದ ಒಂದು ಎಂಜಿನಿಯರಿಂಗ್ ಕಾಲೇಜು, ನಾಲ್ವರ ತಂಡ, ಫೆಬ್ರವರಿಯಲ್ಲಿ ಶುರುವಾಗುವ ಸೆಮಿಸ್ಟರ್ ಎಂದು ಇಟ್ಟುಕೊಳ್ಳೋಣ.

ಮೊದಲ ಎರಡು ವಾರ ತಂಡದ ಜಾಗ ಲ್ಯಾಬ್ ಅಲ್ಲ, ಆಫೀಸಿನ ಕಿಟಕಿ ಪಕ್ಕ. ಸೂಪರಿಂಟೆಂಡೆಂಟರ ಅನುಮತಿ ಪಡೆದು ನಾಲ್ವರೂ ಸರದಿಯ ಮೇಲೆ ದಿನಕ್ಕೊಂದು ಗಂಟೆ ನಿಲ್ಲಬೇಕು. ಕೈಯಲ್ಲೊಂದು ನೋಟ್‌ಬುಕ್. ಬಂದವರು ಕೇಳಿದ್ದನ್ನು ಅವರ ಬಾಯಿಂದ ಬಂದಂತೆಯೇ ಬರೆಯಬೇಕು, ತಿದ್ದಬಾರದು. ‘ಪರೀಕ್ಷಾ ಶುಲ್ಕ ಪಾವತಿಯ ಅಂತಿಮ ದಿನಾಂಕ ಯಾವುದು’ ಎಂದು ಯಾರೂ ಕೇಳುವುದಿಲ್ಲ. ‘ಸರ್, ಎಕ್ಸಾಂ ಫೀ ಲಾಸ್ಟ್ ಡೇಟ್ ಮುಗೀತಾ?’ ಎನ್ನುತ್ತಾರೆ. ಹೆಸರು, ಯುಎಸ್‌ಎನ್ ಯಾವುದನ್ನೂ ಬರೆದುಕೊಳ್ಳುವ ಅಗತ್ಯವಿಲ್ಲ. ಪ್ರತಿ ತರಗತಿಯ ಸಿಆರ್‌ಗಳನ್ನು ಕೇಳಿದರೆ ಕ್ಲಾಸ್ ಗ್ರೂಪಿನಲ್ಲಿ ಪದೇ ಪದೇ ಬರುವ ಪ್ರಶ್ನೆಗಳನ್ನು, ಕೇಳಿದವರ ಹೆಸರು ತೆಗೆದು, ಕಳಿಸಿಕೊಡುತ್ತಾರೆ. ಗ್ರೂಪಿನ ಪ್ರಶ್ನೆ ಮುಖ್ಯ, ಏಕೆಂದರೆ ನಾಳೆ ಬಾಟ್‌ಗೆ ಬರುವುದೂ ಅದೇ ಬರವಣಿಗೆ: `exam fee last date yavaga`, `fine illade kattodu yavag varegu`. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಒಬ್ಬೊಬ್ಬರದು ಒಂದೊಂದು ಕಾಗುಣಿತ.

ಎರಡು ವಾರದ ಕೊನೆಗೆ ಮುನ್ನೂರು ನಾನೂರು ಪ್ರಶ್ನೆ ಕೈಯಲ್ಲಿರಬೇಕು. ಅವನ್ನು ಕಲಿಕೆಗೆ ಬಳಸುವ ಮುಂಚೆಯೇ ನೂರನ್ನು ಚೀಟಿ ಎತ್ತಿದಂತೆ ಆರಿಸಿ ಪಕ್ಕಕ್ಕಿಟ್ಟು, ಗೈಡ್ ಕೈಗೆ ಕೊಟ್ಟುಬಿಡಬೇಕು. ಹನ್ನೊಂದನೇ ವಾರದವರೆಗೆ ತಂಡ ಅದನ್ನು ತೆರೆಯುವಂತಿಲ್ಲ. ಬಾಟ್ ಕಲಿತ ಪ್ರಶ್ನೆಗಳನ್ನೇ ಕೇಳಿ ಪರೀಕ್ಷಿಸಿದರೆ ಎಲ್ಲವೂ ಸರಿ ಎಂದೇ ತೋರುತ್ತದೆ; ವರದಿಗಳಲ್ಲಿ ಕಾಣುವ ಶೇ 98ರಂಥ ಅಂಕಿಗಳು ಎಷ್ಟೋ ಸಲ ಹೀಗೆ ಹುಟ್ಟಿದವು.

ಉಳಿದವನ್ನು ಗುಂಪು ಮಾಡಿದಾಗ ನಲವತ್ತು ಐವತ್ತು ವಿಷಯಗಳು ಏಳುತ್ತವೆ. ಎಲ್ಲವನ್ನೂ ತೆಗೆದುಕೊಳ್ಳುವ ಆಸೆ ಬೇಡ. ಹೆಚ್ಚು ಕೇಳುವ ಇಪ್ಪತ್ತೈದನ್ನು ಆರಿಸಿಕೊಂಡು ಉಳಿದವಕ್ಕೆ ‘ಇದು ನನಗೆ ಗೊತ್ತಿಲ್ಲ, ಇಂಥ ಕೌಂಟರಿನಲ್ಲಿ ಕೇಳಿ’ ಎಂದು ಹೇಳಿಸುವುದು ಒಂದು ಸೆಮಿಸ್ಟರಿಗೆ ತಕ್ಕ ಕೆಲಸ. ಕೆಲವು ಪ್ರಶ್ನೆಗಳನ್ನು ಬೇಕೆಂದೇ ಹೊರಗಿಡಬೇಕು. ‘ನನ್ನ ಸ್ಕಾಲರ್‌ಶಿಪ್ ಯಾಕೆ ಬಂದಿಲ್ಲ’ ಎಂಬುದು ಅಂಥದ್ದು. ಅರ್ಜಿಯ ಸ್ಥಿತಿ ಇರುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ. ಎಷ್ಟೋ ಸಲ ತೊಡಕು ಇರುವುದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದರಲ್ಲಿ. ಇವೆರಡೂ ಕಾಲೇಜಿನ ಬಾಟ್‌ಗೆ ಕಾಣುವುದಿಲ್ಲ. ಎಲ್ಲಿ ನೋಡಬೇಕು, ಏನನ್ನು ಖಚಿತಪಡಿಸಿಕೊಳ್ಳಬೇಕು ಎಂದು ಹೇಳಿ ಅದು ನಿಲ್ಲಿಸಬೇಕು.

ಮೂರು ಮತ್ತು ನಾಲ್ಕನೇ ವಾರ ಉತ್ತರಗಳ ಸಂಗ್ರಹ. ಇಡೀ ಯೋಜನೆಯಲ್ಲಿ ಅತಿ ಕಷ್ಟದ, ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಕೆಲಸವೆಂದೇ ಎಣಿಸದ ಭಾಗ ಇದು. ಪರೀಕ್ಷಾ ಶುಲ್ಕದ ಪ್ರಶ್ನೆಯನ್ನೇ ನೋಡಿ. ಒಂದೇ ಸಾಲಿನ ಉತ್ತರ ಸಾಕೆಂದು ಅನಿಸುತ್ತದೆ. ಪರೀಕ್ಷಾ ವಿಭಾಗಕ್ಕೆ ಹೋದರೆ ಅಲ್ಲಿನ ಗುಮಾಸ್ತರು ತಿರುಗಿ ಕೇಳುತ್ತಾರೆ: ‘ಯಾವ ಸೆಮಿಸ್ಟರ್? ರೆಗ್ಯುಲರ್ರಾ, ಬ್ಯಾಕ್‌ಲಾಗಾ? ದಂಡ ಇಲ್ದೆನಾ, ದಂಡ ಸೇರಿಸಿನಾ?’ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ನಾಲ್ಕು ಉತ್ತರ. ಅದರ ಮೇಲೆ ಸುತ್ತೋಲೆ ಬಂದು ಹತ್ತು ದಿನಕ್ಕೆ ಇನ್ನೊಂದು ಸುತ್ತೋಲೆ ದಿನಾಂಕವನ್ನು ಮುಂದೂಡುತ್ತದೆ. ನೋಟಿಸ್ ಬೋರ್ಡಿನಲ್ಲಿ ಎರಡೂ ಅಂಟಿಕೊಂಡಿರುತ್ತವೆ.

ಸುತ್ತೋಲೆ ಕಂಪ್ಯೂಟರಿನಲ್ಲೇ ಇದೆ, ಪಿಡಿಎಫ್ ಕೊಡುತ್ತೇವೆ ಎಂದರೆ ಕೆಲಸ ಸಲೀಸಾಯಿತು ಎಂದುಕೊಳ್ಳಬೇಡಿ. ಕನ್ನಡ ಸುತ್ತೋಲೆಗಳಲ್ಲಿ ಹಲವು ಇನ್ನೂ ಹಳೆಯ ನುಡಿ ಫಾಂಟಿನಲ್ಲಿ ಟೈಪಾದವು, ಯೂನಿಕೋಡ್ ಅಲ್ಲ. ತೆರೆದರೆ ಕಣ್ಣಿಗೆ ಸ್ವಚ್ಛ ಕನ್ನಡ. ಅದರೊಳಗಿನ ಪಠ್ಯವನ್ನು ಪ್ರೋಗ್ರಾಮ್ ಎತ್ತಿಕೊಂಡಾಗ ‘ಪರೀಕ್ಷೆ ಶುಲ್ಕ’ ಎಂಬುದು `¥ÀjÃPÉë ±ÀÄ®Ì` ಎಂದು ಹೊರಬರುತ್ತದೆ. ಬಾಟ್ ಇದರಲ್ಲಿ ಏನನ್ನು ಹುಡುಕಿದರೂ ಸಿಗದು, ಏಕೆ ಸಿಗಲಿಲ್ಲವೆಂದು ತಂಡಕ್ಕೂ ತಿಳಿಯದು. ಮೊದಲ ದಿನವೇ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಪರಿವರ್ತಕಗಳಿಂದ ಇಂಥದ್ದನ್ನು ಯೂನಿಕೋಡಿಗೆ ತರಬಹುದು. ಸ್ಕ್ಯಾನ್ ಮಾಡಿದ ಪ್ರತಿಯಾದರೆ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಆದರೆ ಮಸುಕಾದ ಪ್ರತಿಯಲ್ಲಿ ಅಂಕಿಗಳು ತಪ್ಪಬಹುದು. ಪರೀಕ್ಷಾ ಶುಲ್ಕದಲ್ಲಿ 10ನ್ನು 16 ಎಂದು ಓದಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಇಪ್ಪತ್ತೈದೇ ವಿಷಯ ಇರುವಾಗ ಮನುಷ್ಯರೇ ಓದಿ ಟೈಪ್ ಮಾಡಿ, ಇನ್ನೊಬ್ಬರು ಮೂಲದ ಜೊತೆ ತಾಳೆ ನೋಡುವುದು ವೇಗವೂ ಹೌದು, ನಂಬಿಕೆಗೂ ಯೋಗ್ಯ.

ಪ್ರತಿ ಉತ್ತರಕ್ಕೂ ಅದರ ಜೊತೆ ಮೂರು ಸಂಗತಿ ಇರಲೇಬೇಕು: ಎಲ್ಲಿಂದ ಬಂತು, ಯಾರ ಹೊಣೆ, ಯಾವತ್ತಿನವರೆಗೆ ಸಿಂಧು. ಒಂದು ಗೂಗಲ್ ಶೀಟಿನ ಸಾಲು ಇದಕ್ಕೆ ಸಾಕು. ಉದಾಹರಣೆಗೆ ಮುಂದೂಡಿಕೆ ಬಂದ ಮೇಲೆ ಆ ಸಾಲು ಹೀಗಿರುತ್ತದೆ:

```yaml
id: exam_fee_regular
uttara: "ದಂಡವಿಲ್ಲದೆ ಏಪ್ರಿಲ್ 15ರವರೆಗೆ, ದಂಡದೊಂದಿಗೆ ಏಪ್ರಿಲ್ 22ರವರೆಗೆ."
moola: "ಪರೀಕ್ಷಾ ವಿಭಾಗದ ಸುತ್ತೋಲೆ, ಏಪ್ರಿಲ್ 8"
hone: "ಪರೀಕ್ಷಾ ವಿಭಾಗ"
gaduvu: 04-22
```

ಕೊನೆಯ ಸಾಲಿನ ಗಡುವು ಬರಿಯ ಅಲಂಕಾರವಲ್ಲ. ಏಪ್ರಿಲ್ 23ರ ಬೆಳಿಗ್ಗೆ ಬಾಟ್ ಈ ಉತ್ತರವನ್ನು ತಾನಾಗಿಯೇ ಕೊಡುವುದನ್ನು ನಿಲ್ಲಿಸಿ, ‘ಗಡುವು ಮುಗಿದಿದೆ, ಪರೀಕ್ಷಾ ವಿಭಾಗವನ್ನು ಕಾಣಿ’ ಎನ್ನಬೇಕು. ಹಳೆಯ ಉತ್ತರ ಸದ್ದಿಲ್ಲದೆ ಉಳಿದುಕೊಳ್ಳುವುದಕ್ಕಿಂತ ಖಾಲಿ ಉತ್ತರ ಎಷ್ಟೋ ಮೇಲು.

ಉತ್ತರದ ಹೊಣೆ ಯಾರದೆಂಬುದು ಕೋರ್ಟಿನಂಥ ಜಾಗಕ್ಕೂ ಹೋಗಿ ಬಂದ ಪ್ರಶ್ನೆ. ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದ ಚಾಟ್‌ಬಾಟ್ 2022ರಲ್ಲಿ, ಅಜ್ಜಿ ತೀರಿಕೊಂಡು ಊರಿಗೆ ಹೊರಟಿದ್ದ ಪ್ರಯಾಣಿಕರೊಬ್ಬರಿಗೆ, ಟಿಕೆಟ್ ಕೊಂಡ 90 ದಿನದೊಳಗೆ ಅರ್ಜಿ ಹಾಕಿದರೆ ರಿಯಾಯಿತಿ ಸಿಗುತ್ತದೆ ಎಂದಿತು. ಅದೇ ಜಾಲತಾಣದ ಇನ್ನೊಂದು ಪುಟದಲ್ಲಿ, ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲ ಎಂದಿತ್ತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಸಂಸ್ಥೆಯೇ ಪರಿಹಾರ ಕೊಡಬೇಕು ಎಂದು ತೀರ್ಪಿತ್ತಿತು. ಪುಟದಲ್ಲಿ ಬರೆದದ್ದಾಗಲಿ ಬಾಟ್ ಹೇಳಿದ್ದಾಗಲಿ ಜಾಲತಾಣದ ಮಾಹಿತಿಗೆಲ್ಲ ಸಂಸ್ಥೆಯೇ ಹೊಣೆ ಎಂಬುದು ಅದರ ನಿಲುವು. ಅಲ್ಲಿ ಆದದ್ದು ಇಷ್ಟೆ: ಒಂದೇ ವಿಷಯಕ್ಕೆ ಎರಡು ಜಾಗದಲ್ಲಿ ಎರಡು ಉತ್ತರ ಇತ್ತು. ಕಾಲೇಜಿನಲ್ಲಿ ಜಾಲತಾಣ, ನೋಟಿಸ್ ಬೋರ್ಡ್, ಬಾಟ್ ಮೂರೂ ಒಂದೇ ಶೀಟಿನಿಂದ ಹೊರಡುವಂತೆ ಮಾಡಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ.

ಇದೇ ಕಾರಣಕ್ಕೆ, ದಾಖಲೆಗಳನ್ನು ಓದಿ ತಾನೇ ವಾಕ್ಯ ಕಟ್ಟಿ ಹೇಳುವ ದೊಡ್ಡ ಭಾಷಾ ಮಾದರಿಗಳನ್ನು ಈ ಸೆಮಿಸ್ಟರಿನಲ್ಲಿ ಬಳಸದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅವು ಚೆನ್ನಾಗಿ ಮಾತಾಡುತ್ತವೆ. ಎರಡು ಸುತ್ತೋಲೆಗಳ ದಿನಾಂಕವನ್ನು ಕಲಸಿ ಹೇಳಿದಾಗಲೂ ಅಷ್ಟೇ ಚೆನ್ನಾಗಿ ಮಾತಾಡುತ್ತವೆ. ಒಪ್ಪಿಗೆ ಪಡೆದ ಉತ್ತರವನ್ನು ಅಕ್ಷರ ಬದಲಿಸದೆ ಕೊಡುವ ಬಾಟ್‌ನಲ್ಲಿ ತಪ್ಪು ಎರಡೇ ಕಡೆ ಆಗಬಹುದು: ಶೀಟಿನಲ್ಲಿ, ಇಲ್ಲವೇ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವಲ್ಲಿ. ಎರಡನ್ನೂ ವಿದ್ಯಾರ್ಥಿಗಳು ಕೈಯಿಟ್ಟು ತೋರಿಸಬಲ್ಲರು.

ತಂಡದಲ್ಲಿ ಕೆಲಸ ಹಂಚುವಾಗಲೂ ‘ನೀನು ಫ್ರಂಟೆಂಡ್, ನಾನು ಬ್ಯಾಕೆಂಡ್, ಅವಳು ರಿಪೋರ್ಟ್’ ಎಂಬ ರೂಢಿ ಬಿಡಬೇಕು. ನಾಲ್ವರೂ ಒಂದೊಂದು ವಿಭಾಗದ ಉತ್ತರಗಳನ್ನು ವಹಿಸಿಕೊಳ್ಳಲಿ: ಪರೀಕ್ಷೆ, ಲೆಕ್ಕಪತ್ರ ಶಾಖೆ, ಸ್ಕಾಲರ್‌ಶಿಪ್ ಮತ್ತು ಪ್ರಮಾಣಪತ್ರ, ಹಾಸ್ಟೆಲ್ ಮತ್ತು ಲೈಬ್ರರಿ. ಪ್ರತಿಯೊಬ್ಬರ ಉತ್ತರವನ್ನೂ ಇನ್ನೊಬ್ಬರು ಪರೀಕ್ಷಿಸಲಿ. ಮೊದಲ ರಿವ್ಯೂಗೆ ಡೆಮೊ ಬೇಡ. ಆಯಾ ವಿಭಾಗದವರು ಸಹಿ ಹಾಕಿದ ಇಪ್ಪತ್ತೈದು ಸಾಲಿನ ಶೀಟು ಸಾಕು.

ಐದನೇ ವಾರದಿಂದ ಕೋಡಿಂಗ್. ಬಂದ ಪ್ರಶ್ನೆ ಇಪ್ಪತ್ತೈದರಲ್ಲಿ ಯಾವ ವಿಷಯಕ್ಕೆ ಸೇರಿದ್ದು ಎಂದು ಪತ್ತೆ ಮಾಡುವುದೇ ಯಂತ್ರದ ಕೆಲಸ. ಪದಕ್ಕೆ ಪದ ಹೋಲಿಸುವ ವಿಧಾನ ಇಂಗ್ಲಿಷಿಗೆ ಒಗ್ಗೀತು, ನಮ್ಮ ವಿದ್ಯಾರ್ಥಿಗಳ ಬರವಣಿಗೆಗೆ ಒಗ್ಗದು. ಒಬ್ಬಳು `yavaga` ಎಂದು ಬರೆದರೆ ಇನ್ನೊಬ್ಬ `yaavaga` ಎನ್ನುತ್ತಾನೆ. ಪದವಾಗಿ ನೋಡಿದರೆ ಎರಡೂ ಬೇರೆ ಬೇರೆ. ಮೂರು ಮೂರು ಅಕ್ಷರದ ತುಣುಕು ಮಾಡಿ ನೋಡಿ. ಮೊದಲನೆಯದರಲ್ಲಿ `yav`, `ava`, `vag`, `aga`. ಎರಡನೆಯದರಲ್ಲಿ `yaa`, `aav`, `ava`, `vag`, `aga`. ಮೂರು ತುಣುಕು ಎರಡರಲ್ಲೂ ಇವೆ, ಹಾಗಾಗಿ ಇವು ಹತ್ತಿರದವೆಂದು ಯಂತ್ರಕ್ಕೆ ತಿಳಿಯುತ್ತದೆ. ಕನ್ನಡ ಲಿಪಿಯಲ್ಲಿ ಬರೆದವರಿಗೂ ಇದೇ ಉಪಾಯ ಕೆಲಸಕ್ಕೆ ಬರುತ್ತದೆ: ಶುಲ್ಕವನ್ನು, ಶುಲ್ಕಕ್ಕೆ, ಶುಲ್ಕದ ಎಂದು ವಿಭಕ್ತಿ ಬದಲಾದರೂ ‘ಶುಲ್ಕ’ದ ತುಣುಕು ಉಳಿದೇ ಇರುತ್ತದೆ. ಪೈಥಾನಿನ `scikit-learn` ಬಳಸುವವರಿಗೆ ಇದು ಒಂದೇ ಸಾಲು:

```python
TfidfVectorizer(analyzer="char_wb", ngram_range=(3, 5))
```

ಎಲ್ಲ ಕಡೆ ಬರುವ ತುಣುಕಿಗೆ ಕಡಿಮೆ ತೂಕ, ಅಪರೂಪದ ತುಣುಕಿಗೆ ಹೆಚ್ಚು ತೂಕ ಕೊಟ್ಟು, ಬಂದ ಪ್ರಶ್ನೆಗೂ ಶೀಟಿನ ಮಾದರಿ ಪ್ರಶ್ನೆಗಳಿಗೂ ಎಷ್ಟು ಹೋಲಿಕೆ ಎಂದು 0ರಿಂದ 1ರವರೆಗಿನ ಒಂದು ಅಂಕ ಕೊಡುವುದು ಇದರ ಮುಂದಿನ ಹೆಜ್ಜೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ಖರ್ಚಿಲ್ಲ. ಇದರ ಮಿತಿಯೂ ಸ್ಪಷ್ಟ. `duddu kattodu` ಮತ್ತು `fee payment` ಇವೆರಡರ ಅರ್ಥ ಒಂದೇ ಆದರೂ ಒಂದು ತುಣುಕೂ ಕೂಡುವುದಿಲ್ಲ. ಕಿಟಕಿ ಪಕ್ಕ ನಿಂತು ಬರೆದ ನೋಟ್‌ಬುಕ್ಕಿನ ಬೆಲೆ ಇಲ್ಲಿ ತಿಳಿಯುತ್ತದೆ: ಪ್ರತಿ ವಿಷಯಕ್ಕೂ ಎಂಟು ಹತ್ತು ಬಗೆಯ ನಿಜವಾದ ಮಾತು ಮಾದರಿಯಾಗಿ ಇದ್ದರೆ ಇಂಥ ಅಂತರ ತುಂಬಿಕೊಳ್ಳುತ್ತದೆ. ಅರ್ಥದ ಮೇಲೆ ಹೋಲಿಸುವ ಬಹುಭಾಷಾ ಮಾದರಿಗಳೂ ಉಚಿತವಾಗಿ ಸಿಗುತ್ತವೆ. ಎಂಟನೇ ವಾರದಲ್ಲಿ ಅವನ್ನೂ ಕೂಡಿಸಿ ನೋಡಬಹುದು, ಲಾಭ ಕಂಡರೆ ಮಾತ್ರ ಇಟ್ಟುಕೊಳ್ಳಬೇಕು.

ವಿದ್ಯಾರ್ಥಿಗಳ ಮುಂದೆ ಇಡಲು ಟೆಲಿಗ್ರಾಮ್ ಬಾಟ್ ಅತಿ ಸುಲಭ. ಕಾಲೇಜಿನ ಜಾಲತಾಣದಲ್ಲಿ ಒಂದು ಚಿಕ್ಕ ಚೌಕವೂ ಆದೀತು. ವಾಟ್ಸಾಪ್ ಎಲ್ಲರಿಗೂ ಬೇಕು, ಆದರೆ ಸಂಸ್ಥೆಯ ಹೆಸರಿನಲ್ಲಿ ಖಾತೆ ಮಾಡಿಸಿ ದೃಢೀಕರಿಸುವ ಓಡಾಟ ಸೆಮಿಸ್ಟರಿನ ಸಮಯವನ್ನು ತಿಂದುಹಾಕುತ್ತದೆ. ಅದನ್ನು ಮುಂದಿನ ತಂಡಕ್ಕೆ ಬಿಡಬಹುದು.

ಒಂದು ವಿಷಯದಲ್ಲಿ ಮಾತ್ರ ಹೋಲಿಕೆಯ ಅಂಕಕ್ಕೆ ಕಾಯಬಾರದು. ವಿಚಾರಣೆಯ ಬಾಟ್ ಎಂದು ಬೋರ್ಡು ಹಾಕಿದರೂ ರಾತ್ರಿ ಹನ್ನೊಂದಕ್ಕೆ ಯಾರೋ ‘ಸೀನಿಯರ್ಸ್ ಹೊಡೀತಿದಾರೆ’ ಎಂದೋ, ‘ಬದುಕೋಕೇ ಬೇಡ ಅನ್ನಿಸ್ತಿದೆ’ ಎಂದೋ ಬರೆಯಬಹುದು. ಇಂಥ ಮಾತುಗಳ ಪಟ್ಟಿ ಮೊದಲೇ ಇರಬೇಕು, ಬಾಟ್ ಎಲ್ಲಕ್ಕಿಂತ ಮುಂಚೆ ಅದನ್ನೇ ನೋಡಬೇಕು. ಕಂಡ ಕೂಡಲೇ ಬೇರೇನೂ ಹೇಳದೆ ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522, ಮಾನಸಿಕ ನೆರವಿನ ಟೆಲಿ-ಮಾನಸ್ 14416, ಜೊತೆಗೆ ಕಾಲೇಜಿನ ಆಪ್ತಸಮಾಲೋಚಕರ ಸಂಖ್ಯೆ ಕೊಡಬೇಕು. ಪಟ್ಟಿಯನ್ನು ವಿದ್ಯಾರ್ಥಿಗಳೇ ಊಹಿಸಿ ಮಾಡದೆ ಆಪ್ತಸಮಾಲೋಚಕರ ಜೊತೆ ಕೂತು ಮಾಡಬೇಕು.

ಒಂಬತ್ತನೇ ವಾರ ಒಂದು ತರಗತಿಗೆ ಮಾತ್ರ ಬಾಟ್ ಬಿಡುವುದು. ಬಂದ ಪ್ರಶ್ನೆಗಳನ್ನು ಉಳಿಸಿಕೊಳ್ಳುತ್ತೇವೆ ಎಂದು ಮೊದಲ ಸಂದೇಶದಲ್ಲೇ ಹೇಳಬೇಕು. ಉಳಿಸುವ ಮುಂಚೆ ಅದರಲ್ಲಿರುವ ಯುಎಸ್‌ಎನ್, ಫೋನ್ ಸಂಖ್ಯೆಗಳನ್ನು ಅಳಿಸಬೇಕು. ಕೇಳದಿದ್ದರೂ ಹುಡುಗರು ಅವನ್ನು ಬರೆದೇ ಬರೆಯುತ್ತಾರೆ, ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಳಿಕ ಇದು ಬರೀ ಸೌಜನ್ಯದ ಮಾತಾಗಿ ಉಳಿದಿಲ್ಲ. ಪರೀಕ್ಷಾ ಶುಲ್ಕದ ಸುತ್ತೋಲೆ ಬರುವ ಹೊತ್ತಿಗೆ ಬಾಟ್ ಕೆಲಸ ಮಾಡುತ್ತಿರುವಂತೆ ಈ ವಾರವನ್ನು ಗೊತ್ತು ಮಾಡಿಕೊಂಡರೆ, ಪ್ರಶ್ನೆಗಳು ತಾವಾಗಿಯೇ ಬಂದು ಬೀಳುತ್ತವೆ.

ಹನ್ನೊಂದನೇ ವಾರ ಗೈಡ್ ಬಳಿ ಇಟ್ಟಿದ್ದ ನೂರು ಪ್ರಶ್ನೆ ಹೊರಗೆ ಬರುತ್ತವೆ. ಇಲ್ಲಿ ‘ಎಷ್ಟು ಸರಿ’ ಎಂದಷ್ಟೇ ಎಣಿಸಿದರೆ ಸಾಲದು. ಮೂರು ಲೆಕ್ಕ ಬೇಕು: ಸರಿ ಉತ್ತರ, ‘ಗೊತ್ತಿಲ್ಲ’, ತಪ್ಪು ಉತ್ತರ. ಹೋಲಿಕೆಯ ಅಂಕ ಎಷ್ಟಿದ್ದರೆ ಉತ್ತರ ಕೊಡಬೇಕು ಎಂಬ ಮಿತಿಯನ್ನು ತಂಡವೇ ನಿಗದಿ ಮಾಡುವುದರಿಂದ ಮೂರೂ ಅದರ ಕೈಯಲ್ಲಿವೆ. ಮಿತಿ 0.40 ಇಟ್ಟಾಗ 81 ಸರಿ, 6 ಗೊತ್ತಿಲ್ಲ, 13 ತಪ್ಪು ಬಂತೆನ್ನಿ. 0.60ಕ್ಕೆ ಏರಿಸಿದಾಗ 72 ಸರಿ, 24 ಗೊತ್ತಿಲ್ಲ, 4 ತಪ್ಪು. ರಿವ್ಯೂನಲ್ಲಿ 81 ತೋರಿಸಲು ಮನಸ್ಸಾಗುತ್ತದೆ. ಕಾಲೇಜಿಗೆ ಬೇಕಾದದ್ದು ಎರಡನೆಯದು. ‘ಗೊತ್ತಿಲ್ಲ’ ಎನಿಸಿಕೊಂಡ 24 ಮಂದಿ ಕಿಟಕಿಗೆ ಹೋಗಿ ಕೇಳುತ್ತಾರೆ, ನಷ್ಟ ಹತ್ತು ನಿಮಿಷ. ತಪ್ಪು ಉತ್ತರ ಪಡೆದವರಿಗೆ ತಪ್ಪೆಂದು ಗೊತ್ತಾಗುವುದು ಗಡುವು ಕಳೆದ ಮೇಲೆ. ಮಿತಿಯನ್ನು ಈ ನೂರರ ಮೇಲೆ ಒಮ್ಮೆ ಹೊಂದಿಸಿದ ಬಳಿಕ ಆ ಫಲಿತಾಂಶವನ್ನೇ ಕೊನೆಯ ಅಂಕವೆಂದು ಹೇಳುವಂತಿಲ್ಲ. ಒಂಬತ್ತನೇ ವಾರದಿಂದ ಬಂದ ಹೊಸ ಪ್ರಶ್ನೆಗಳ ಮೇಲೆ ಮತ್ತೊಮ್ಮೆ ಎಣಿಸಿ ವರದಿಯಲ್ಲಿ ಅದನ್ನು ಬರೆಯಬೇಕು.

ಉಳಿದ ತಪ್ಪುಗಳನ್ನು ಒಂದೊಂದಾಗಿ ಓದಿದರೆ ಕಾರಣ ಕಾಣುತ್ತದೆ. `reval ge apply madodu hege` ಎಂಬುದಕ್ಕೆ ಬಾಟ್ ಉತ್ತರ ಪತ್ರಿಕೆಯ ಜೆರಾಕ್ಸ್ ಪಡೆಯುವ ವಿಧಾನ ಹೇಳಿರುತ್ತದೆ. `photocopy ge apply madodu hege` ಎಂಬ ಮಾದರಿ ಪ್ರಶ್ನೆಗೂ ಇದಕ್ಕೂ ಒಂದೇ ಪದ ವ್ಯತ್ಯಾಸ, ಉಳಿದ ತುಣುಕೆಲ್ಲ ಒಂದೇ. ಇದಕ್ಕೆ ಮಿತಿ ಏರಿಸುವುದು ಮದ್ದಲ್ಲ, ಏಕೆಂದರೆ ತಪ್ಪು ಉತ್ತರಕ್ಕೇ ಹೆಚ್ಚು ಅಂಕ ಸಿಕ್ಕಿದೆ. ಮೊದಲ ಎರಡು ವಿಷಯಗಳ ಅಂಕ ಹತ್ತಿರ ಹತ್ತಿರ ಇದ್ದಾಗ ಬಾಟ್ ಉತ್ತರ ಹೇಳದೆ ಎರಡು ಬಟನ್ ತೋರಿಸಿ ‘ಮರುಮೌಲ್ಯಮಾಪನವೋ, ಉತ್ತರ ಪತ್ರಿಕೆಯ ಪ್ರತಿಯೋ?’ ಎಂದು ಕೇಳಬೇಕು. ಪರೀಕ್ಷಾ ವಿಭಾಗದ ಗುಮಾಸ್ತರು ‘ರೆಗ್ಯುಲರ್ರಾ, ಬ್ಯಾಕ್‌ಲಾಗಾ’ ಎಂದು ತಿರುಗಿ ಕೇಳಿದ್ದೂ ಇದನ್ನೇ.

ಗೊತ್ತಿಲ್ಲದ ಪ್ರಶ್ನೆಗಳನ್ನು ಮನುಷ್ಯರಿಗೆ ದಾಟಿಸುವ ಪದ್ಧತಿಗೆ ಒಳ್ಳೆಯ ಮಾದರಿ ಅಮೆರಿಕದ ಅಟ್ಲಾಂಟಾದಲ್ಲಿದೆ. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2016ರಲ್ಲಿ ಹೊಸದಾಗಿ ಪ್ರವೇಶ ಪಡೆಯುವವರಿಗಾಗಿ ‘ಪೌನ್ಸ್’ ಎಂಬ ಬಾಟನ್ನು ಎಸ್‌ಎಂಎಸ್ ಮೂಲಕ ನಡೆಸಿತು. ಅದಕ್ಕೆ ತಿಳಿಯದ ಪ್ರಶ್ನೆ ಸಿಬ್ಬಂದಿಗೆ ಹೋಗುತ್ತಿತ್ತು, ಅವರು ಕೊಟ್ಟ ಉತ್ತರ ಬಾಟ್‌ನ ಸಂಗ್ರಹಕ್ಕೆ ಸೇರುತ್ತಿತ್ತು. ನಮ್ಮ ತಂಡವೂ ವಾರಕ್ಕೊಮ್ಮೆ ‘ಗೊತ್ತಿಲ್ಲ’ ಪಟ್ಟಿಯನ್ನು ಹಿಡಿದು ಆಯಾ ವಿಭಾಗಕ್ಕೆ ಹೋಗಬೇಕು. ಇದು ಒಂದೆರಡು ವಾರ ನಡೆದರೆ ಆಫೀಸಿನವರೇ ಹೊಸ ಸುತ್ತೋಲೆ ಬಂದಾಗ ಕರೆದು ಹೇಳತೊಡಗುತ್ತಾರೆ. ಅಲ್ಲಿಯವರೆಗೆ ಬಾಟ್ ವಿದ್ಯಾರ್ಥಿಗಳದ್ದು, ಆಮೇಲೆ ಕಾಲೇಜಿನದ್ದು.

ಹದಿನಾಲ್ಕನೇ ವಾರದ ಹಸ್ತಾಂತರಕ್ಕೆ ಕೈಪಿಡಿ ಬರೆದುಕೊಟ್ಟರಷ್ಟೇ ಸಾಲದು. ಪರೀಕ್ಷಾ ವಿಭಾಗದ ಗುಮಾಸ್ತರ ಮುಂದೆ ಶೀಟು ತೆರೆದಿಟ್ಟು, ಗಡುವು ಇನ್ನೆರಡು ದಿನ ಮುಂದೆ ಹೋಗಿದೆ ಎಂದು ಹೇಳಿ, ತಂಡದವರು ಸುಮ್ಮನೆ ಪಕ್ಕದಲ್ಲಿ ಕೂರಬೇಕು. ಅವರು ಯಾರನ್ನೂ ಕೇಳದೆ ದಿನಾಂಕ ತಿದ್ದಿ, ತಮ್ಮದೇ ಫೋನಿನಲ್ಲಿ ಬಾಟ್‌ಗೆ ಪ್ರಶ್ನೆ ಹಾಕಿ ಹೊಸ ಉತ್ತರ ನೋಡಿದರೆ ಕೆಲಸ ಆಯಿತು. `id` ಎಂದರೇನು, ಯಾವ ಕಾಲಂ ಮುಟ್ಟಬಾರದು ಎಂದು ಅವರು ಕೇಳಿದರೆ, ಉಳಿದ ಎರಡು ವಾರ ಆ ಶೀಟನ್ನು ಸರಳ ಮಾಡುವುದಕ್ಕೆ. ಪ್ರೆಸೆಂಟೇಷನ್‌ನ ಸ್ಲೈಡುಗಳು ಕಾಯಲಿ.